ಅಕ್ಕಿ ರೊಟ್ಟಿಯ ಒತ್ತು, ತಂಬುಳಿಯ ವಿವರ, ಬಲಕ್ಕೆ ಬೆಲೆ: ಒಂದು ಮೆನು ಮಾಡಿದ ನನ್ನ ಅನುಭವ

ಶಿವಮೊಗ್ಗದಲ್ಲಿ ಡಿಟಿಪಿ ಕೆಲಸ ಮಾಡುವ ನನಗೆ ಮದುವೆ ಕಾರ್ಡು, ಬ್ಯಾನರು ದಿನದ ಪಾಡು. ಮೆನು ಕಾರ್ಡು ಮಾತ್ರ ಅಪರೂಪ. ಕಳೆದ ವರ್ಷ ಒಂದು ಮಲೆನಾಡು ಊಟದ ಹೋಟೆಲಿನವರು ಬಂದು, ಕನ್ನಡ, ಇಂಗ್ಲಿಷ್ ಎರಡರಲ್ಲೂ ಮೆನು ಬೇಕು ಎಂದರು. ಹಳೆಯ ಫೈಲನ್ನೂ ತಂದಿದ್ದರು. ಅದು ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿತ್ತು. ಹೊಸ ಫಾಂಟ್ ಹಾಕಿದ ಕೂಡಲೇ ದೋಸೆ ಹೋಗಿ `zÉÆÃ¸É` ಬಂತು. ಯೂನಿಕೋಡಿಗೆ ಕನ್ವರ್ಟ್ ಮಾಡಿ, ಅರ್ಕಾವತ್ತುಗಳನ್ನೆಲ್ಲ ಕಣ್ಣಲ್ಲೇ ಒಂದೊಂದಾಗಿ ನೋಡಿಕೊಂಡೆ.

ಮೊದಲ ಪ್ರೂಫಿನಲ್ಲಿ ಇಂಗ್ಲಿಷ್ ಮೆನುಗಳಲ್ಲಿ ನೋಡಿದ್ದನ್ನೇ ಮಾಡಿದೆ. ತಿಂಡಿಯ ಹೆಸರು ದೊಡ್ಡಕ್ಷರದಲ್ಲಿ, ವಿವರ ಓರೆ ಅಕ್ಷರದಲ್ಲಿ. ಇಂಗ್ಲಿಷ್ ಸಾಲುಗಳು ಚೆಂದ ಕಂಡವು. ಕನ್ನಡ ಸಾಲುಗಳು ಕೈಕೊಟ್ಟವು. ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರವೇ ಇಲ್ಲ. ನಿಜವಾದ ಇಟಾಲಿಕ್ಕೂ ಇಲ್ಲ, ಸಾಫ್ಟ್‌ವೇರ್ ಸುಮ್ನೆ ಅಕ್ಷರವನ್ನು ಬಗ್ಗಿಸುತ್ತದೆ ಅಷ್ಟೆ. ದುಂಡಗಿನ ಕನ್ನಡ ಅಕ್ಷರ ಬಗ್ಗಿದರೆ ಗಾಳಿಗೆ ವಾಲಿದ ಹಾಗೆ ಕಾಣುತ್ತದೆ. ಹಾಗಾಗಿ ಹೆಸರು, ವಿವರ, ಬೆಲೆ ಮೂರನ್ನೂ ಬೇರೆ ಮಾಡಲು ನನ್ನ ಕೈಯಲ್ಲಿ ಉಳಿದದ್ದು ಅಕ್ಷರದ ದಪ್ಪ, ಗಾತ್ರ ಮತ್ತು ಖಾಲಿ ಜಾಗ.

ಹೆಸರಿಗೆ ಒಂದು ಫಾಂಟ್, ವಿವರಕ್ಕೆ ಇನ್ನೊಂದು ಹಾಕಿಯೂ ನೋಡಿದೆ. ಹೆಸರಿಗೆ ಬಾಲೂ ತಮ್ಮ, ವಿವರಕ್ಕೆ ನೋಟೊ ಸೆರಿಫ್ ಕನ್ನಡ. ನನಗೆ ವ್ಯತ್ಯಾಸ ಕಂಡಿತು. ಹೋಟೆಲಿನ ಯಜಮಾನರಿಗೆ ಕಾಣಲಿಲ್ಲ, "ಇದರಲ್ಲಿ ಏನೋ ಒಂದು ಹೊಂದ್ತಾ ಇಲ್ಲ ಕಣಪ್ಪಾ" ಅಂದರು. ಕೊನೆಗೆ ಅನೇಕ್ ಕನ್ನಡ ಒಂದನ್ನೇ ಇಟ್ಟುಕೊಂಡೆ. ಅದರಲ್ಲಿ ತೆಳುವಿನಿಂದ ತುಂಬ ದಪ್ಪದವರೆಗೆ ಹಲವು ತೂಕಗಳಿವೆ. ಅದೇ ಫಾಂಟಿನೊಳಗೆ ಇಂಗ್ಲಿಷ್ ಅಕ್ಷರಗಳೂ ಇವೆ. ಮೊದಲು ನುಡಿ ಪಕ್ಕ ಇಂಗ್ಲಿಷಿನ ಟೈಮ್ಸ್ ಫಾಂಟ್ ಇಟ್ಟಾಗ ಒಂದೇ ಪಾಯಿಂಟ್ ಗಾತ್ರದಲ್ಲೂ ಒಂದು ದೊಡ್ಡದು, ಒಂದು ಸಣ್ಣದು ಕಾಣುತ್ತಿತ್ತು. ಇಲ್ಲಿ ಎರಡು ಲಿಪಿಯನ್ನೂ ಜೊತೆಗಿಟ್ಟುಕೊಂಡೇ ಬರೆದಿರುವುದರಿಂದ ಆ ಜಗಳ ಇಲ್ಲ.

ಹೆಸರು ಎದ್ದು ಕಾಣಲಿ ಅಂತ ಎಕ್ಸ್‌ಟ್ರಾ ಬೋಲ್ಡ್ ಹಾಕಿದ್ದು ನನ್ನ ಎರಡನೇ ತಪ್ಪು. 12 ಪಾಯಿಂಟಿನಲ್ಲಿ ಪ್ರಿಂಟ್ ತೆಗೆದಾಗ 'ಕಷಾಯ' ನೋಡಿದರೆ 'ಕಪಾಯ' ಅನ್ನುವಂತಿತ್ತು. ಷಕಾರದ ಹೊಟ್ಟೆಯೊಳಗಿನ ಗೆರೆ ಶಾಯಿಯಲ್ಲಿ ಮುಳುಗಿಹೋಗಿತ್ತು. ಥ, ಧ, ಘ ಕೂಡ ಇದೇ ಜಾತಿ, ಒಳಗಿನ ಸಂದು ಮುಚ್ಚಿದರೆ ಅಕ್ಷರವೇ ಬದಲಾಗುತ್ತದೆ. ಸ್ಕ್ರೀನಿನಲ್ಲಿ ಹಿಗ್ಗಿಸಿ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ನಿಜವಾದ ಅಳತೆಯಲ್ಲಿ, ಅದೇ ಕಾಗದದ ಮೇಲೆ ಪ್ರಿಂಟ್ ತೆಗೆಯಲೇಬೇಕು. ಸೆಮಿಬೋಲ್ಡಿಗೆ ಇಳಿಸಿ, ಗಾತ್ರವನ್ನು 13 ಪಾಯಿಂಟಿಗೆ ಏರಿಸಿದೆ. ಅದರ ಕೆಳಗೆ ಇಂಗ್ಲಿಷ್ ಹೆಸರು 11 ಪಾಯಿಂಟ್, ಮೀಡಿಯಂ.

ವಿವರಕ್ಕೆ ಲೈಟ್ ತೂಕ ಹಾಕಿ, ಕಂದು ಬಣ್ಣ ಕೊಟ್ಟಿದ್ದೆ. ಆಫೀಸಿನ ಟ್ಯೂಬ್‌ಲೈಟಿನಲ್ಲಿ ಸೊಗಸಾಗಿತ್ತು. ಆ ಪ್ರೂಫನ್ನು ರಾತ್ರಿ ಎಂಟಕ್ಕೆ ಹೋಟೆಲಿಗೆ ಒಯ್ದೆ. ಹಳದಿ ದೀಪದ ಕೆಳಗೆ ಒಬ್ಬ ಹಿರಿಯರಿಗೆ ಕೊಟ್ಟರೆ, ಅವರು ಕಾರ್ಡನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಕೊನೆಗೆ ಸಪ್ಲೈಯರನ್ನು ಕರೆದು "ಏನೇನಿದೆ ನೀನೇ ಹೇಳು ಮಾರಾಯ" ಅಂದರು. ಕಂದು ಬಣ್ಣ ಅಂದರೆ ಪ್ರೆಸ್ಸಿನಲ್ಲಿ ಎರಡು ಮೂರು ಬಣ್ಣದ ಚುಕ್ಕಿಗಳು ಸೇರಿ ಆಗುವುದು. ತೆಳು ಗೆರೆಯ ಮೇಲೆ ಆ ಚುಕ್ಕಿಗಳು ಕೂದಲೆಳೆಯಷ್ಟು ಆಚೀಚೆ ಆದರೂ ಅಕ್ಷರ ಮಂಜಾಗುತ್ತದೆ. ವಿವರವನ್ನು ರೆಗ್ಯುಲರ್ ತೂಕ, 10 ಪಾಯಿಂಟ್, ಬರೀ ಕಪ್ಪು ಶಾಯಿಗೆ ತಂದೆ. ಬಣ್ಣ ಬೇಕೇ ಬೇಕು ಎಂದಿದ್ದ ಯಜಮಾನರಿಗೆ ಹೆಸರಿನ ಸಾಲು ಬಿಟ್ಟುಕೊಟ್ಟೆ. ದಪ್ಪ ಅಕ್ಷರ ಬಣ್ಣ ತಡೆದುಕೊಳ್ಳುತ್ತದೆ.

ಸಾಲಿನ ಅಂತರದ್ದು ಬೇರೆ ಕಥೆ. 'ಅಕ್ಕಿ ರೊಟ್ಟಿ'ಯ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ಅದರ ಕೆಳಗಿನ ಸಾಲಿನಲ್ಲಿ 'ಬೆಳ್ಳುಳ್ಳಿ ಚಟ್ನಿ' ಇದ್ದರೆ ಅದರ ಗುಡಿಸು ಮೇಲೆ ಏರುತ್ತದೆ. ಎರಡೂ ನಡುವೆ ಡಿಕ್ಕಿ ಹೊಡೆಯುತ್ತವೆ. ಇಂಗ್ಲಿಷಿನ 10 ಪಾಯಿಂಟ್ ಅಕ್ಷರಕ್ಕೆ ಸಾಲಿನ ಅಂತರ 12 ಪಾಯಿಂಟ್ ಸಾಕು. ಕನ್ನಡ ವಿವರಕ್ಕೆ 14 ಕೊಟ್ಟ ಮೇಲೆ ಉಸಿರಾಡಿತು. ಒಂದು ತಿಂಡಿಯ ಒಳಗಿನ ಸಾಲುಗಳಿಗಿಂತ ಎರಡು ತಿಂಡಿಗಳ ನಡುವಿನ ಜಾಗ ಜಾಸ್ತಿ ಇರಬೇಕು. ಇಲ್ಲದಿದ್ದರೆ ಯಾವ ವಿವರ ಯಾವ ಹೆಸರಿನದು ಅನ್ನೋದೇ ತಿಳಿಯುವುದಿಲ್ಲ.

ಅಷ್ಟು ಜಾಗ ಎಲ್ಲಿಂದ ತರೋದು? ಎರಡೂ ಭಾಷೆಯಲ್ಲಿ ಎಲ್ಲವನ್ನೂ ಬರೆಯುವುದು ಬಿಟ್ಟೆ. ನಮ್ಮವರಿಗೆ ತಂಬುಳಿ ಅಂದರೆ ಏನು ಅಂತ ಹೇಳಬೇಕಿಲ್ಲ, ಯಾವ ಸೊಪ್ಪಿನದು ಅಂತ ಗೊತ್ತಾದರೆ ಸಾಕು. ಹಾಗಾಗಿ ಕನ್ನಡದಲ್ಲಿ 'ಒಂದೆಲಗ, ಜೀರಿಗೆ, ಮಜ್ಜಿಗೆ' ಅಂತ ಮೂರೇ ಮಾತು. ಇಂಗ್ಲಿಷಿನಲ್ಲಿ ಇದು ಮಜ್ಜಿಗೆಯ ತಣ್ಣನೆಯ ಪದಾರ್ಥ, ಅನ್ನಕ್ಕೆ ಕಲಸಿಕೊಳ್ಳುತ್ತಾರೆ ಎಂದು ಪೂರ್ತಿ ಒಂದು ವಾಕ್ಯ. ಕೊಟ್ಟೆ ಕಡುಬು, ಪತ್ರೊಡೆಗೂ ಹೀಗೇ. ಒಂದರ ಅನುವಾದ ಇನ್ನೊಂದಾಗಬೇಕಿಲ್ಲ, ಅಲ್ವಾ?

ಬೆಲೆಗೆ ಕನ್ನಡ ಅಂಕಿ ಹಾಕಬೇಕು ಅನ್ನುವುದು ನನ್ನದೇ ಆಸೆ. ಆದರೆ ಅಲ್ಲಿ ಸಪ್ಲೈ ಮಾಡುವ ಹುಡುಗರಲ್ಲಿ ಇಬ್ಬರು ಉತ್ತರ ಭಾರತದ ಕಡೆಯವರು. ಇಂಗ್ಲಿಷ್ ವಿವರ ಓದುವ ಗಿರಾಕಿಗೂ ಅದು ಗೊತ್ತಾಗಲ್ಲ. ನಮ್ಮವರೇ ಕೆಲವರು ೬, ೯ ಕಂಡು ಒಂದು ಕ್ಷಣ ನಿಂತರು. ಕನ್ನಡ ಅಂಕಿಯನ್ನು ಮುಖಪುಟಕ್ಕೆ ಇಟ್ಟುಕೊಂಡು, ಬೆಲೆಗೆ 1, 2, 3 ಹಾಕಿದೆ. ಯಜಮಾನರು ಕೇಳಿದ '80/-' ಕೂಡ ತೆಗೆಸಿದೆ. ಮಬ್ಬು ಬೆಳಕಲ್ಲಿ ಆ ಓರೆಗೆರೆ 1ರ ಹಾಗೆ ಕಂಡು ಎಂಬತ್ತು ಹೋಗಿ ಎಂಟುನೂರ ಒಂದಾಗುತ್ತದೆ. ರೂಪಾಯಿ ಚಿಹ್ನೆಯನ್ನೂ ಸಾಲುಸಾಲಿಗೆ ಹಾಕದೆ, ಪುಟದ ಕೆಳಗೆ 'ಬೆಲೆ ರೂಪಾಯಿಗಳಲ್ಲಿ' ಎಂದು ಒಂದೇ ಕಡೆ ಬರೆದೆ.

ಬೆಲೆ ಮೀಡಿಯಂ ತೂಕ, 12 ಪಾಯಿಂಟ್. ಕನ್ನಡ ಹೆಸರಿನ ಸಾಲಿನಲ್ಲೇ, ಬಲಕ್ಕೆ ಅಂಟಿಸಿ. ವಿವರದ ಸಾಲಿನಲ್ಲಿ ಬಂದರೆ ಅದು ಕೆಳಗಿನ ತಿಂಡಿಯದ್ದು ಅಂದುಕೊಳ್ಳುತ್ತಾರೆ. ಎ4 ಹಾಳೆಯ ಅಗಲಕ್ಕೂ ಒಂದೇ ಕಾಲಂ ಇದ್ದಾಗ ಹೆಸರಿನಿಂದ ಬೆಲೆಗೆ ಕಣ್ಣು ಹೋಗುವಷ್ಟರಲ್ಲಿ ಸಾಲು ತಪ್ಪುತ್ತಿತ್ತು, ಚುಕ್ಕಿ ಸಾಲು ಹಾಕಬೇಕಾಗಿತ್ತು. 85 ಮಿಲಿಮೀಟರಿನ ಎರಡು ಕಾಲಂ ಮಾಡಿದ ಮೇಲೆ ಚುಕ್ಕಿಯ ಅಗತ್ಯವೇ ಬೀಳಲಿಲ್ಲ. ಫಾಂಟ್ ಆರಿಸುವಾಗ 111 ಬರೆದು ಅದರ ಕೆಳಗೆ 888 ಬರೆದು ನೋಡಿ. ಎರಡರ ಅಗಲ ಒಂದೇ ಇದ್ದರೆ ಚಿಂತೆಯಿಲ್ಲ, ಹತ್ತು, ನೂರರ ಸ್ಥಾನಗಳು ಒಂದರ ಕೆಳಗೊಂದು ನೆಟ್ಟಗೆ ಕೂರುತ್ತವೆ.

ಎಲ್ಲ ಮುಗಿಯಿತು ಅನ್ನುವಾಗ ಪ್ರೆಸ್ಸಿನಿಂದ ಬಂದ ಸ್ಯಾಂಪಲ್‌ನಲ್ಲಿ 'ಅಕ್‌ಕಿ ರೊಟ್‌ಟಿ' ಇತ್ತು. ನನ್ನ ಫೈಲನ್ನು ಅವರು ಹಳೇ ಸಾಫ್ಟ್‌ವೇರಿನಲ್ಲಿ ತೆರೆದಿದ್ದರು, ಒತ್ತುಗಳೆಲ್ಲ ಬಿಚ್ಚಿಕೊಂಡಿದ್ದವು. ಪುಟ ವಿನ್ಯಾಸ ಮಾಡುವ ಇನ್‌ಡಿಸೈನಿನಲ್ಲೂ ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ `Adobe World-Ready Paragraph Composer` ಆರಿಸದಿದ್ದರೆ ಹೀಗೇ ಆಗುತ್ತದೆ. ಅಕ್ಷರಗಳನ್ನೆಲ್ಲ ಔಟ್‌ಲೈನ್, ಅಂದರೆ ಬರೀ ಆಕಾರಗಳಾಗಿ ಮಾಡಿ ಪಿಡಿಎಫ್ ಕೊಟ್ಟೆ. ತಿದ್ದುಪಡಿಗಿರಲಿ ಅಂತ ಮೂಲ ಫೈಲನ್ನು ಬೇರೆಯಾಗಿ ಇಟ್ಟುಕೊಂಡೆ.

ಅದು ಬೇಗನೇ ಬೇಕಾಯಿತು. ಯುಗಾದಿ ಹೊತ್ತಿಗೆ ರೇಟು ಏರಿಸಿದರು, 90 ಇದ್ದದ್ದು 100 ಆಯಿತು. ಬೆಲೆಯ ಕಡೆ ಮೂರು ಅಂಕಿಗೆ ಜಾಗ ಬಿಟ್ಟಿದ್ದರಿಂದ ಅದೇ ಫಾಂಟಿನಲ್ಲಿ ಸ್ಟಿಕ್ಕರ್ ಮಾಡಿಕೊಟ್ಟೆ. ಗಲ್ಲಾದ ಪಕ್ಕ ಕೂತು ಹುಡುಗರೇ ಅಂಟಿಸಿದರು, ಒಂದೆರಡು ಮಾತ್ರ ಸೊಟ್ಟಗಿವೆ.