ಇಒಕ್ಯೂ ಸ್ಲೈಡ್‌ನಲ್ಲಿ ಸೂತ್ರ ಕೊನೆಗೆ ಬರಲಿ

ಇನ್ವೆಂಟರಿ ಪಾಠದಲ್ಲಿ ಇಒಕ್ಯೂ, ಅಂದರೆ ಒಟ್ಟು ಖರ್ಚು ಅತಿ ಕಡಿಮೆ ಆಗುವ ಆರ್ಡರ್ ಪ್ರಮಾಣ, ಬಂದಾಗ ಹೆಚ್ಚಿನವರು ಮೊದಲೇ ವರ್ಗಮೂಲದ ಸೂತ್ರ ಹಾಕಿಬಿಡುತ್ತಾರೆ. ಅದರ ಬದಲು ಒಂದು ಲೆಕ್ಕದಿಂದ ಶುರು ಮಾಡಿ ನೋಡಿ.

ವರ್ಷಕ್ಕೆ 1200 ವಸ್ತು ಬೇಕು. ಒಂದು ಆರ್ಡರ್ ಹಾಕಲು 100 ರೂಪಾಯಿ ಖರ್ಚು. ಒಂದು ವಸ್ತುವನ್ನು ವರ್ಷವಿಡೀ ಇಟ್ಟುಕೊಳ್ಳಲು 6 ರೂಪಾಯಿ.

ಸಲಕ್ಕೆ 100 ತರಿಸಿದರೆ 12 ಆರ್ಡರ್, ಅಂದರೆ 1200 ರೂಪಾಯಿ. ಸರಾಸರಿ 50 ವಸ್ತು ಮಾತ್ರ ಕೈಯಲ್ಲಿರುತ್ತದೆ, ಹಾಗಾಗಿ ದಾಸ್ತಾನಿನ ಖರ್ಚು ಬರೀ 300. ಒಟ್ಟು 1500. ಸಲಕ್ಕೆ 400 ತರಿಸಿದರೆ ಆರ್ಡರ್ ಖರ್ಚು 300ಕ್ಕೆ ಇಳಿಯುತ್ತದೆ, ದಾಸ್ತಾನಿನದು 1200ಕ್ಕೆ ಏರುತ್ತದೆ. ಮತ್ತೆ 1500! 200 ತರಿಸಿದರೆ ಎರಡೂ 600, ಒಟ್ಟು 1200. ಎರಡೂ ಖರ್ಚು ಸಮ ಆಗುವ ಜಾಗವೇ ಇಒಕ್ಯೂ. ಈಗ ಸೂತ್ರ ತೋರಿಸಿ. Q ಸಲಕ್ಕೆ ತರಿಸುವ ಸಂಖ್ಯೆ, D ವರ್ಷದ ಬೇಡಿಕೆ, S ಒಂದು ಆರ್ಡರ್‌ನ ಖರ್ಚು, H ಒಂದು ವಸ್ತುವನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚು:

```
Q = √(2DS/H) = √(2×1200×100/6) = 200
```

ಜಾಸ್ತಿ ಜನ ಎಡವುವುದು ದಾಸ್ತಾನಿನ ಲೆಕ್ಕದಲ್ಲಿ. 200 ಬಂದರೂ ಅದು ದಿನಾ ಕರಗುತ್ತಾ ಸೊನ್ನೆಗೆ ಬರುತ್ತದೆ ಅಲ್ವಾ? ಹಾಗಾಗಿ ಸರಾಸರಿ 100ಕ್ಕೆ ಮಾತ್ರ 6 ರೂಪಾಯಿ. ಈ ಅರ್ಧ ಮರೆತರೆ 200ರಲ್ಲಿ ಎರಡು ಖರ್ಚು ಸಮ ಆಗುವುದೇ ಇಲ್ಲ. ತಪ್ಪು ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. 250 ತರಿಸಿದರೂ ಒಟ್ಟು 1230 ಅಷ್ಟೇ. ಒಟ್ಟು ಖರ್ಚಿನ ಗೆರೆ ತಳದಲ್ಲಿ ಚಪ್ಪಟೆ, ಹಾಗಾಗಿ ಪೂರ್ತಿ ಪೆಟ್ಟಿಗೆಗಳಿಗೆ ಹೊಂದುವ ಸಂಖ್ಯೆ ಆರಿಸಿಕೊಳ್ಳಬಹುದು. ಬೇಡಿಕೆ ವರ್ಷವಿಡೀ ಒಂದೇ ಸಮ ಇದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ ಎಂಬುದನ್ನೂ ಸ್ಲೈಡ್‌ನಲ್ಲೇ ಬರೆಯಿರಿ.