ಸಂಭಾವನೆ ಪತ್ರದಲ್ಲಿ ನಾನು ಬಿಟ್ಟಿದ್ದ ಒಂದು ಸಾಲು

ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಗಳ ಲೆಕ್ಕಪತ್ರ ನನ್ನ ಪಾಲಿಗಿದೆ. ತೀರ್ಥಹಳ್ಳಿ ಕಡೆಯ ಹಿರಿಯ ಕೃಷಿಕರೊಬ್ಬರು 2025ರ ಆಗಸ್ಟ್‌ನಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ನಮ್ಮಲ್ಲಿ ಮೂರು ದಿನ ಪಾಠ ಮಾಡಿದ್ದರು. ಆಗ 30,000 ರೂಪಾಯಿ ಪೂರ್ತಿ ಕೊಟ್ಟಿದ್ದೆವು. ಮತ್ತೆ ಜನವರಿಯಲ್ಲಿ ಬಂದರು, ಸಂಭಾವನೆ 25,000. ನಾನು ಪತ್ರ ಬರೆದೆ: ಶೇ 10 ತೆರಿಗೆ 2,500, ಕೈಗೆ 22,500, ಜನವರಿ 24ರೊಳಗೆ ಜಮಾ.

ಎರಡೂ ತಪ್ಪಿದವು. 24 ನಾಲ್ಕನೇ ಶನಿವಾರ, ಮರುದಿನ ಭಾನುವಾರ, ಸೋಮವಾರ ಗಣರಾಜ್ಯೋತ್ಸವ. ನೆಫ್ಟ್ ರಜಾದಿನವೂ ನಡೆಯುತ್ತದೆ, ನಿಜ. ಆದರೆ ಬಿಲ್ಲಿಗೆ ಸಹಿ ಹಾಕಬೇಕಾದವರು ರಜೆಯಲ್ಲಿದ್ದರೆ ಹಣ ಹೊರಡುವುದೇ ಇಲ್ಲ. ಬುಧವಾರ 28ಕ್ಕೆ ಜಮಾ ಆದದ್ದು 19,500.

ಅವರು ಫೋನ್ ಮಾಡಿದರು. "ಮೇಡಂ, ನೀವು ಬರೆದದ್ದಕ್ಕಿಂತ ಮೂರು ಸಾವಿರ ಕಡಿಮೆ ಬಂದಿದೆಯಲ್ಲ?" ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ನೋವು ಕೊಟ್ಟಿತು.

ಲೆಕ್ಕ ವಿಭಾಗದವರು ತೋರಿಸಿದ ಮೇಲೆ ನನಗೆ ತಿಳಿಯಿತು. ಆಗ ಜಾರಿಯಲ್ಲಿದ್ದ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 194ಜೆ ಪ್ರಕಾರ ಆ ಆರ್ಥಿಕ ವರ್ಷದಲ್ಲಿ ಒಬ್ಬರಿಗೆ ಕೊಟ್ಟ ಒಟ್ಟು ಶುಲ್ಕ 50,000 ದಾಟುವವರೆಗೆ ತೆರಿಗೆ ಹಿಡಿಯಬೇಕಿರಲಿಲ್ಲ. ದಾಟಿತೆಂದರೆ, ಮೇಲಿನ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಮೊತ್ತಕ್ಕೆ ಹಿಡಿಯಬೇಕಿತ್ತು. ಆಗಸ್ಟ್‌ನ 30,000 ಮತ್ತು ಈಗಿನ 25,000 ಸೇರಿ 55,000. ಅದರ ಶೇ 10 ಎಂದರೆ 5,500. ಅಷ್ಟೂ ಈ ಸಲದ ಹಣದಲ್ಲೇ ಹೋಯಿತು. ಅವರ ಪಾನ್ ಚಾಲ್ತಿಯಲ್ಲಿತ್ತು. ಇಲ್ಲದಿದ್ದರೆ ದರ ಶೇ 20 ಆಗುತ್ತಿತ್ತು.

ಕ್ಷಮೆ ಕೇಳಿ ಹೊಸ ಪತ್ರ ಕಳಿಸಿದೆ:

"ಮಾನ್ಯರೇ, ಜನವರಿ ಉಪನ್ಯಾಸದ ಸಂಭಾವನೆ ರೂ. 25,000. ಆಗಸ್ಟ್‌ನಲ್ಲಿ ತೆರಿಗೆ ಕಡಿತವಿಲ್ಲದೆ ಕೊಟ್ಟ ರೂ. 30,000 ಸೇರಿ ಈ ವರ್ಷದ ಒಟ್ಟು ರೂ. 55,000 ಆಗಿರುವುದರಿಂದ ಟಿಡಿಎಸ್ ರೂ. 5,500 ಹಿಡಿಯಲಾಗಿದೆ. ನಿವ್ವಳ ರೂ. 19,500 ಜನವರಿ 28ರಂದು ತಮ್ಮ ಖಾತೆಗೆ ಜಮಾ ಆಗಿದೆ. ಹಿಡಿದ ತೆರಿಗೆಯನ್ನು ಫೆಬ್ರವರಿ 7ರೊಳಗೆ ಸರ್ಕಾರಕ್ಕೆ ಕಟ್ಟುತ್ತೇವೆ. ತೆರಿಗೆ ಕಡಿತದ 16ಎ ಪ್ರಮಾಣಪತ್ರವನ್ನು ಜೂನ್ 15ರೊಳಗೆ ಕಳಿಸುತ್ತೇವೆ."

ಅವರ ಆದಾಯ ಬಹುಪಾಲು ತೋಟದ್ದು, ರಿಟರ್ನ್ ಸಲ್ಲಿಸುವ ಅಭ್ಯಾಸವಿಲ್ಲ. ಸಲ್ಲಿಸದಿದ್ದರೆ ಹೆಚ್ಚು ಹಿಡಿದ ತೆರಿಗೆ ವಾಪಸು ಬರುವುದಿಲ್ಲ. ಇದನ್ನು ಪತ್ರದಲ್ಲಿ ಹಾಕದೆ ಫೋನಿನಲ್ಲಿ ಬಿಡಿಸಿ ಹೇಳಿದೆ. "ಆ 16ಎ ಮಾತ್ರ ಮರೀಬೇಡಿ ಮೇಡಂ, ಆಡಿಟರ್ ಹತ್ರ ಕೊಡ್ತೀನಿ" ಎಂದರು.

ಈಗ ಪತ್ರ ಬರೆಯುವ ಮೊದಲು ಆ ವರ್ಷ ಅವರಿಗೆ ಹೋಗಿರುವ ಹಣವನ್ನು ಪಾನ್ ಸಂಖ್ಯೆ ಹಾಕಿ ಲೆಡ್ಜರಿನಲ್ಲಿ ಹುಡುಕುತ್ತೇನೆ. ಬೇರೆ ವಿಭಾಗದವರು ಕರೆಸಿ ಕೊಟ್ಟಿದ್ದೂ ಅದರಲ್ಲೇ ಸಿಗುತ್ತದೆ. ಜಮಾ ದಿನಾಂಕವನ್ನು ಬಿಲ್ಲಿಗೆ ಸಹಿ ಬಿದ್ದ ಮೇಲಷ್ಟೇ ಬರೆಯುತ್ತೇನೆ.