ಮೊಡವೆ ಹೋಯಿತು, ಉಳಿದದ್ದು ಕಲೆಯೋ ಗುಂಡಿಯೋ?

ಮೊಡವೆ ವಾಸಿಯಾದ ಮೇಲೆ ಮುಖದಲ್ಲಿ ಉಳಿಯುವ ಗುರುತುಗಳು ಎರಡು ಬಗೆ. ಕೆಲವು ಕಡೆ ಚರ್ಮದ ಬಣ್ಣ ಮಾತ್ರ ಬದಲಾಗಿರುತ್ತದೆ. ಅದು ಕಲೆ. ಇನ್ನು ಕೆಲವು ಕಡೆ ಚರ್ಮವೇ ಒಳಕ್ಕೆ ಕುಸಿದಿರುತ್ತದೆ, ಅಪರೂಪಕ್ಕೆ ಮೇಲಕ್ಕೆ ಉಬ್ಬಿರುತ್ತದೆ. ಕಲೆ ತಿಂಗಳುಗಟ್ಟಲೆ ಇದ್ದು ನಿಧಾನಕ್ಕೆ ತಿಳಿಯಾಗುತ್ತದೆ. ಗುಂಡಿ ತಾನಾಗಿ ತುಂಬಿಕೊಳ್ಳುವುದಿಲ್ಲ, ಯಾವ ಕ್ರೀಮು ಹಚ್ಚಿದರೂ ಪೂರ್ತಿ ಮುಚ್ಚುವುದಿಲ್ಲ. ಆದರೆ ಫೋನಿನಲ್ಲಿ ಹತ್ತಿರದಿಂದ ತೆಗೆದ ಫೋಟೋದಲ್ಲಿ ಎರಡೂ ಒಂದೇ ಥರ ಕಪ್ಪು ಚುಕ್ಕೆಯಾಗಿ ಕಾಣುತ್ತವೆ. ಅದನ್ನು ಬಿಡಿಸಿ ನೋಡುವುದು ಹೇಗೆ?

ಮೊದಲು ಫೋಟೋ ಸರಿಯಾಗಿ ತೆಗೆಯಿರಿ

ಫೋನಿನ ಬ್ಯೂಟಿ ಮೋಡ್ ಆಫ್ ಮಾಡಿ. ಎಷ್ಟೋ ಫೋನುಗಳಲ್ಲಿ ಸೆಲ್ಫಿ ಕ್ಯಾಮೆರಾಗೆ ಇದು ಮೊದಲೇ ಆನ್ ಆಗಿರುತ್ತದೆ, ಗುಂಡಿಗಳನ್ನೆಲ್ಲ ಅದೇ ಇಸ್ತ್ರಿ ಮಾಡಿಬಿಡುತ್ತದೆ. ಹಿಂದಿನ ಕ್ಯಾಮೆರಾ ಬಳಸಿ, ಮನೆಯವರ ಕೈಲಿ ತೆಗೆಸಿಕೊಳ್ಳಿ. ಮುಖ ತೊಳೆದು ಸ್ವಲ್ಪ ಹೊತ್ತು ಬಿಡಿ. ತೊಳೆದ ಕೂಡಲೇ, ಬಿಸಿಲಿಂದ ಬಂದ ಕೂಡಲೇ ಚರ್ಮ ಕೆಂಪಗಿರುತ್ತದೆ. ಅರಿಶಿನ ಹಚ್ಚಿದ ದಿನವೂ ಬೇಡ, ಬಣ್ಣ ಸರಿಯಾಗಿ ಸಿಗುವುದಿಲ್ಲ.

ಫೋನನ್ನು ಕೆನ್ನೆಗೆ ತೀರಾ ಹತ್ತಿರ ಹಿಡಿಯಬೇಡಿ. ಒಂದಡಿ ದೂರ ನಿಂತು 2x ಜೂಮ್ ಮಾಡಿದರೆ ಮುಖದ ಆಕಾರ ಕೆಡುವುದಿಲ್ಲ. ಫ್ಲ್ಯಾಶ್ ಅಂತೂ ಬೇಡವೇ ಬೇಡ. ಫ್ಲ್ಯಾಶಿನ ಬೆಳಕು ಎದುರಿಂದ ನೇರವಾಗಿ ಬೀಳುವುದರಿಂದ ಗುಂಡಿಯಲ್ಲಿ ನೆರಳೇ ಇರುವುದಿಲ್ಲ.

ಈಗ ಒಂದೇ ಕೆನ್ನೆಯ ಮೂರು ಫೋಟೋ ತೆಗೆಯಿರಿ. ಮೊದಲನೆಯದು, ಕಿಟಕಿಗೆ ಎದುರಾಗಿ ಕುಳಿತು, ಬೆಳಕು ಮುಖದ ಮೇಲೆ ಸಮನಾಗಿ ಬೀಳುವಾಗ. ಎರಡನೆಯದು, ಕೋಣೆ ಕತ್ತಲು ಮಾಡಿ, ಬಲಗಡೆಯಿಂದ ಟಾರ್ಚ್ ಹಿಡಿದು. ಬೆಳಕು ಕೆನ್ನೆಯನ್ನು ಸವರಿಕೊಂಡು ಹೋಗುವಷ್ಟು ಓರೆಯಾಗಿರಲಿ. ಮೂರನೆಯದು, ತಲೆ ಅಲ್ಲಾಡಿಸದೆ, ಟಾರ್ಚನ್ನು ಎಡಗಡೆಗೆ ಬದಲಿಸಿ. ಟಾರ್ಚಿನ ಬೆಳಕಿಗೆ ಮೂಗು ಅಡ್ಡ ಬಂದರೆ ಮುಖವನ್ನು ಸ್ವಲ್ಪ ತಿರುಗಿಸಿಕೊಂಡು ಎರಡನ್ನೂ ಹಾಗೆಯೇ ತೆಗೆಯಿರಿ.

ನೆರಳು ಓದುವುದು

ಎರಡು ಟಾರ್ಚ್ ಫೋಟೋಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಬೆಳಕು ಬದಲಾದಾಗ ಕಪ್ಪು ಭಾಗವೂ ಜಾಗ ಬದಲಿಸಿದರೆ ಅದು ನೆರಳು, ಅಂದರೆ ಅಲ್ಲಿ ತಗ್ಗೋ ಉಬ್ಬೋ ಇದೆ. ಎರಡರಲ್ಲೂ ಕಪ್ಪು ಅಲ್ಲೇ ಇದ್ದರೆ ಅದು ಬರಿಯ ಬಣ್ಣ, ಕಲೆ.

ತಗ್ಗೋ ಉಬ್ಬೋ ಎನ್ನುವುದೂ ನೆರಳಲ್ಲೇ ಗೊತ್ತಾಗುತ್ತದೆ. ಗುಂಡಿಯಾದರೆ ಟಾರ್ಚ್ ಇರುವ ಕಡೆಯ ಅಂಚು ಕಪ್ಪಗಿರುತ್ತದೆ, ಆಚೆ ಅಂಚು ಹೊಳೆಯುತ್ತದೆ. ಉಬ್ಬಾದರೆ ತಿರುಗಾಮುರುಗಾ. ಟಾರ್ಚ್ ಯಾವ ಕಡೆಯಿತ್ತು ಎನ್ನುವುದು ನೆನಪಿರದೆ ಹೋದರೆ ಕಣ್ಣು ಗುಂಡಿಯನ್ನೇ ಗುಳ್ಳೆ ಅಂತ ಓದಿಬಿಡುತ್ತದೆ.

ಬಣ್ಣಕ್ಕೆ ಕಿಟಕಿ ಬೆಳಕಿನ ಫೋಟೋ ನೋಡಿ. ನಮ್ಮ ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮದಲ್ಲಿ ಹೆಚ್ಚಿನ ಕಲೆಗಳು ಕಂದು. ಕೆಂಪು ಅಥವಾ ನೇರಳೆ ಛಾಯೆ ಇದ್ದರೆ ಗಾಜಿನ ಲೋಟದ ತಳವನ್ನು ಅಲ್ಲಿ ಮೆಲ್ಲಗೆ ಒತ್ತಿ ನೋಡಿ. ಬಣ್ಣ ಮಾಯವಾದರೆ ಅದು ಹಿಗ್ಗಿದ ರಕ್ತನಾಳದ ಕೆಂಪು, ಉಳಿದರೆ ಚರ್ಮದಲ್ಲೇ ಬಣ್ಣ ಕೂತ ಕಲೆ. ಬೂದು-ನೀಲಿ ಛಾಯೆ ಇದ್ದರೆ ಬಣ್ಣ ಚರ್ಮದ ಆಳಕ್ಕೆ ಇಳಿದಿದೆ. ಅದು ತಿಳಿಯಾಗಲು ಜಾಸ್ತಿ ಸಮಯ ಬೇಕು.

ಗ್ರೇಡ್ ಹಾಕುವುದು ಎದುರು ಕುಳಿತು

ಜೂಮ್ ಮಾಡಿದ ಫೋಟೋದಲ್ಲಿ ಯಾರ ಮುಖವೂ ಚೆನ್ನಾಗಿರುವುದಿಲ್ಲ. ಫೋಟೋ ಹೇಳುವುದು ಗುರುತಿನ ಬಗೆಯನ್ನು ಮಾತ್ರ. ಎಷ್ಟು ತೀವ್ರ ಎನ್ನುವುದನ್ನು ಅದು ಹೇಳುವುದಿಲ್ಲ. ಅದಕ್ಕೆ ಗುಡ್‌ಮನ್, ಬ್ಯಾರನ್ ಎಂಬಿಬ್ಬರು 2006ರಲ್ಲಿ ಪ್ರಕಟಿಸಿದ ನಾಲ್ಕು ಮೆಟ್ಟಿಲಿನ ಅಳತೆ ಇದೆ. ಚರ್ಮದ ಡಾಕ್ಟರುಗಳು ಈಗಲೂ ಅದನ್ನು ಬಳಸುತ್ತಾರೆ. ಅದರಲ್ಲಿ ನೋಡುವ ದೂರ 50 ಸೆಂಟಿಮೀಟರ್, ಅಂದರೆ ಎದುರು ಕುಳಿತು ಮಾತಾಡುವಷ್ಟು ದೂರ.

ಗುರುತು ಸಪಾಟಾಗಿದ್ದು ಬಣ್ಣ ಮಾತ್ರ ಬೇರೆಯಾಗಿದ್ದರೆ ಗ್ರೇಡ್ 1. ತಗ್ಗು ಅಥವಾ ಉಬ್ಬು ಇದ್ದರೂ 50 ಸೆಂಟಿಮೀಟರ್ ದೂರದಿಂದ ಎದ್ದು ಕಾಣದಿದ್ದರೆ, ಮೇಕಪ್ಪಿಗೋ ಗಡ್ಡಕ್ಕೋ ಮುಚ್ಚಿಹೋದರೆ, ಗ್ರೇಡ್ 2. ಅಷ್ಟು ದೂರದಿಂದ ಎದ್ದು ಕಂಡು, ಎರಡು ಬೆರಳಲ್ಲಿ ಚರ್ಮ ಎಳೆದಾಗ ಸಪಾಟಾದರೆ ಗ್ರೇಡ್ 3. ಎಳೆದರೂ ಹಾಗೇ ಉಳಿದರೆ ಗ್ರೇಡ್ 4.

ಮಂಡ್ಯದಲ್ಲಿ ಡಿಗ್ರಿ ಓದುತ್ತಿರುವ ನಮ್ಮಣ್ಣನ ಮಗಳು ಒಂದು ಸೆಲ್ಫಿ ಕಳಿಸಿ, "ಅತ್ತೆ, ಕೆನ್ನೆ ಪೂರ್ತಿ ಗುಂಡಿ ಬಿದ್ದಿದೆ ನೋಡಿ" ಅಂದಳು. ಹೀಗೆ ಮೂರು ಫೋಟೋ ತೆಗೆಸಿದೆ. ಕೆನ್ನೆಯ ನಡುವೆ ಒಂಬತ್ತು ಕಪ್ಪು ಚುಕ್ಕೆ, ಟಾರ್ಚ್ ಬದಲಿಸಿದರೂ ಒಂದೂ ಅಲ್ಲಾಡಲಿಲ್ಲ. ಅಷ್ಟೂ ಕಂದು ಕಲೆ. ಆದರೆ ಕಿವಿಯ ಹತ್ತಿರ ಅವಳು ಗಮನಿಸದೇ ಇದ್ದ ಮೂರು ಜಾಗದಲ್ಲಿ ನೆರಳು ಮಗುಚಿತು. ಎರಡು ಅಗಲವಾದ, ಅಲೆಯಂಥ ತಗ್ಗು. ಇನ್ನೊಂದು ಸೂಜಿ ಚುಚ್ಚಿದ ಹಾಗೆ ಕಿರಿದು, ಆಳ. ಎದುರು ಕುಳಿತು ನೋಡಿದಾಗ ಮೂರೂ ಕಾಣುತ್ತಿದ್ದವು. ಎಳೆದಾಗ ಅಲೆಯಂಥವು ಮಾಯವಾದವು, ಸೂಜಿಯಂಥದ್ದು ಹೋಗಲಿಲ್ಲ. ಇಡೀ ಮುಖಕ್ಕೆ ಒಂದೇ ಅಂಕ ಕೊಟ್ಟಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಕೆನ್ನೆಯ ನಡುವಿಗೆ 1, ಕಿವಿಯ ಪಕ್ಕಕ್ಕೆ 3, ಆ ಒಂದು ಗುಂಡಿಗೆ 4 ಎಂದು ಬರೆದುಕೊಂಡೆವು.

ಡಾಕ್ಟರ ಹತ್ತಿರ ಯಾವಾಗ?

ಬರಿಯ ಕಲೆಯಾದರೆ ಸನ್‌ಸ್ಕ್ರೀನ್ ಹಚ್ಚಿ, ಕೈ ಮುಖಕ್ಕೆ ಹೋಗದಂತೆ ನೋಡಿಕೊಂಡು, ತಿಂಗಳಿಗೊಮ್ಮೆ ಅದೇ ಕಿಟಕಿಯಲ್ಲಿ ಫೋಟೋ ತೆಗೆಯಿರಿ. ಮೂರು ತಿಂಗಳಾದರೂ ಒಂಚೂರೂ ತಿಳಿಯಾಗದಿದ್ದರೆ ತೋರಿಸಿ. ಗ್ರೇಡ್ 3, 4 ಇದ್ದರೆ ಕಾಯುವುದರಲ್ಲಿ ಲಾಭವಿಲ್ಲ.

ಗುಂಡಿಗಿಂತ ತುರ್ತಿನ ವಿಷಯ ಇನ್ನೂ ಏಳುತ್ತಿರುವ ಮೊಡವೆ. ಒತ್ತಿದರೆ ನೋಯುವ ಗಟ್ಟಿ ಗಂಟುಗಳು ಏಳುತ್ತಿದ್ದರೆ, ವಾಸಿಯಾದ ಪ್ರತಿ ಮೊಡವೆಯೂ ತಗ್ಗು ಬಿಟ್ಟುಹೋಗುತ್ತಿದ್ದರೆ, ಅದೇ ವಾರ ಹೋಗಿ. ಮೊಡವೆಗಳು ದಿಢೀರ್ ಜಾಸ್ತಿಯಾಗಿ ಹುಣ್ಣಾಗಿ, ಜೊತೆಗೆ ಜ್ವರ, ಕೀಲುನೋವು ಬಂದರೆ ಅದೇ ದಿನ. ಹುಡುಗಿಯರಿಗೆ ಮುಟ್ಟು ಏರುಪೇರಾಗಿ ಗಲ್ಲದಲ್ಲಿ ಕೂದಲೂ ಬರುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು. ದವಡೆ, ಎದೆ, ಭುಜದ ಮೇಲಿನ ಉಬ್ಬು ಮೂಲ ಮೊಡವೆಯ ಗಡಿ ದಾಟಿ ಬೆಳೆಯುತ್ತಿದ್ದರೆ ಅದು ಕೆಲಾಯ್ಡ್ ಇರಬಹುದು. ಪಾರ್ಲರಿನಲ್ಲಿ ಅದನ್ನು ಚುಚ್ಚಿಸಿದರೆ ಇನ್ನೂ ದೊಡ್ಡದಾಗುತ್ತದೆ.

ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಕ್ರೀಮಿನ ಡಬ್ಬಿಯನ್ನೂ ಒಮ್ಮೆ ಓದಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಅಂತಿದ್ದರೆ ಅದು ಸ್ಟಿರಾಯ್ಡ್. ಮೊದಲ ವಾರಗಳಲ್ಲಿ ಮುಖ ಬೆಳ್ಳಗಾಗುತ್ತದೆ, ಆಮೇಲೆ ಚರ್ಮ ತೆಳುವಾಗಿ ಮೊಡವೆ ಇಮ್ಮಡಿಯಾಗುತ್ತದೆ. ಸುಮ್ನೆ ನಿಲ್ಲಿಸಿದರೆ ಮುಖ ಉರಿದು ಕೆಂಪಗಾಗಬಹುದು, ಹಾಗಾಗಿ ಡಬ್ಬಿ ಸಮೇತ ಡಾಕ್ಟರ ಹತ್ತಿರ ಹೋಗುವುದು ಒಳ್ಳೆಯದು.

ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ, ಮಂಡ್ಯದವರಿಗೆ ಮಿಮ್ಸ್ ಇದೆ. ಎರಡೂ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು. ಅಲ್ಲಿ ಚರ್ಮರೋಗ ವಿಭಾಗ ಎಂದು ಕೇಳಿ ಚೀಟಿ ಮಾಡಿಸಿ. ಹೋಗುವಾಗ ಆ ಮೂರು ಫೋಟೋ, ಹಚ್ಚಿದ ಕ್ರೀಮುಗಳು, ನುಂಗಿದ ಮಾತ್ರೆಗಳ ಪಟ್ಟಿ ಇರಲಿ. ಡಾಕ್ಟರು ಮೊದಲು ಹೊಸ ಮೊಡವೆ ನಿಲ್ಲಿಸಿ, ಆಮೇಲೆ ಗುಂಡಿಗೆ ಕೈ ಹಾಕುತ್ತಾರೆ. ಅಲೆಯಂಥ ತಗ್ಗನ್ನು ಕೆಳಗಿನಿಂದ ಎಳೆದು ಹಿಡಿದಿರುವ ಎಳೆಗಳನ್ನು ಸೂಜಿಯಿಂದ ಬಿಡಿಸುತ್ತಾರೆ. ಸೂಜಿಯಂಥ ಗುಂಡಿಗೆ ಕಡ್ಡಿ ತುದಿಯಲ್ಲಿ ಗಾಢ ಆಸಿಡ್ ಮುಟ್ಟಿಸುತ್ತಾರೆ. ಇದೇ ಆಸಿಡ್ ಆನ್‌ಲೈನಿನಲ್ಲೂ ಸಿಗುತ್ತದೆ, ಮನೆಯಲ್ಲಿ ಹಚ್ಚಿಕೊಂಡರೆ ಸುಟ್ಟು ಹೊಸ ಗುಂಡಿಯೇ ಆಗುತ್ತದೆ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ಬರೆದರೆ, ಹೆಣ್ಣುಮಕ್ಕಳು ಮದುವೆ, ಮಗು ಯೋಚನೆ ಇದ್ದರೆ ಮೊದಲೇ ಹೇಳಿಬಿಡಿ. ಆ ಮಾತ್ರೆ ನುಂಗುವಾಗ ಗರ್ಭ ಧರಿಸುವಂತೆಯೇ ಇಲ್ಲ. ನಿಲ್ಲಿಸಿದ ಮೇಲೂ ಡಾಕ್ಟರು ಹೇಳಿದಷ್ಟು ದಿನ ಕಾಯಬೇಕು.